ಮೈಕ್ರೋವೇವ್ ಗಡಿಯಾರದೊಳಗೆ ಜಿರಳೆ: ಯಂತ್ರ ಬಿಚ್ಚದೆ, ಸ್ಪ್ರೇ ಹೊಡೆಯದೆ ಖಾಲಿ ಮಾಡುವ ಬಗೆ

ಒಂದು ರಾತ್ರಿ ನೀರು ಕುಡಿಯಲು ಅಡುಗೆಮನೆಗೆ ಹೋದೆ. ದೀಪ ಹಾಕಲಿಲ್ಲ. ಮೈಕ್ರೋವೇವ್‌ನ ಗಡಿಯಾರದ ಅಂಕಿಗಳ ಮೇಲೆ ಏನೋ ಸರಿದು ಹೋದಂತಾಯಿತು. ಹೊರಗೆ ಕೂತಿರಬೇಕು ಎಂದುಕೊಂಡು ಬೆರಳಿನಿಂದ ತಟ್ಟಿದೆ. ಅದು ಗಾಜಿನ ಒಳಗಿತ್ತು.

ಆಗ ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಸ್ಪ್ರೇ ಡಬ್ಬಿ ತಂದು ಯಂತ್ರದ ಹಿಂದಿನ ಗಾಳಿಕಿಂಡಿಗೆ ಹೊಡೆದೆ. ಆ ರಾತ್ರಿ ಹತ್ತಿಪ್ಪತ್ತು ಸತ್ತು ಬಿದ್ದವು, ನನಗೂ ಖುಷಿಯಾಯಿತು. ಹತ್ತು ದಿನ ಕಳೆಯುವಷ್ಟರಲ್ಲಿ ಟಿವಿ ಪಕ್ಕದ ಸೆಟ್-ಟಾಪ್ ಬಾಕ್ಸ್‌ನಿಂದ ಒಂದು ಇಣುಕಿತು. ಮಿಕ್ಸಿ ಎತ್ತಿದರೆ ಅಡಿಯಲ್ಲಿ ಮೂರು. ಅಲ್ಲಿಯವರೆಗೆ ಒಂದೇ ಗೂಡಿತ್ತು. ಅದನ್ನು ನಾನೇ ಮೂರು ಮಾಡಿದ್ದೆ.

ಆಮೇಲೆ ಎರಡೂವರೆ ತಿಂಗಳು ಹಿಡಿದು ಮನೆ ಖಾಲಿ ಮಾಡಿದ್ದು ಹೇಗೆ ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಇದು ಯಾವ ಜಿರಳೆ?

ಬಚ್ಚಲಿನ ಮೋರಿಯಿಂದ ಬರುವ ದೊಡ್ಡ ಕೆಂಗಂದು ಜಿರಳೆ ಬೇರೆ. ಅದು ಯಂತ್ರದೊಳಗೆ ಸಂಸಾರ ಹೂಡುವುದು ಅಪರೂಪ. ಯಂತ್ರದೊಳಗೆ ಇರುವುದು ಸಣ್ಣದು. ಬೆಳೆದರೂ ಒಂದೂವರೆ ಸೆಂಟಿಮೀಟರ್ ಅಷ್ಟೇ. ತಿಳಿ ಕಂದು ಬಣ್ಣ, ತಲೆಯ ಹಿಂದೆ ಎರಡು ಕಪ್ಪು ಗೆರೆ. ಇದಕ್ಕೆ ಜರ್ಮನ್ ಜಿರಳೆ ಎಂದು ಹೆಸರು. ಹೆಸರು ಹಾಗಿದ್ದರೂ ಇದರ ಮೂಲ ಜರ್ಮನಿ ಅಲ್ಲ. ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್ ಕಡೆ, ಏಷ್ಯಾದ ಇನ್ನೊಂದು ಜಿರಳೆಯಿಂದ ಇದು ಕವಲೊಡೆದಿರಬೇಕು ಎಂದು 2024ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ಹೇಳುತ್ತದೆ. ಅಂದರೆ ಮನುಷ್ಯರ ಮನೆಗೆ ಒಗ್ಗಿಕೊಂಡೇ ಹುಟ್ಟಿದ ಜಾತಿ ಇದು.

ಇದಕ್ಕೆ ಬೇಕಾಗಿರುವುದು ಮೂರು: ಬೆಚ್ಚಗಿನ ಜಾಗ, ಕತ್ತಲು, ಬೆನ್ನು ಹೊಟ್ಟೆ ಎರಡೂ ತಾಗುವಷ್ಟು ಇಕ್ಕಟ್ಟು. ಮೈಕ್ರೋವೇವ್ ಕೆಲಸ ಮಾಡದಿದ್ದಾಗಲೂ ಅದರ ಗಡಿಯಾರದ ಸರ್ಕ್ಯೂಟ್ ಸ್ವಲ್ಪ ಬೆಚ್ಚಗಿರುತ್ತದೆ. ಸ್ಟ್ಯಾಂಡ್‌ಬೈನಲ್ಲಿರುವ ಟಿವಿಯೂ ಅಷ್ಟೇ. ಗ್ಯಾಸ್ ಸ್ಟವ್ ಕೆಳಗೆ ಜಿಡ್ಡು, ಮಿಕ್ಸಿ ಕೆಳಗೆ ಚೆಲ್ಲಿದ ಪುಡಿ, ಪಕ್ಕದಲ್ಲೇ ಸಿಂಕ್‌ನ ನೀರು. ಅದರ ಕಣ್ಣಿನಿಂದ ನೋಡಿದರೆ ನಮ್ಮ ಅಡುಗೆ ಕಟ್ಟೆಯಲ್ಲಿ ಕೊರತೆ ಏನೂ ಇಲ್ಲ.

ಇನ್ನೊಂದು ವಿಷಯ ತಿಳಿದಿರಬೇಕು, ಏಕೆಂದರೆ ಮುಂದಿನ ಕೆಲಸವೆಲ್ಲ ಅದರ ಮೇಲೇ ನಿಂತಿದೆ. ಹೆಣ್ಣು ಜಿರಳೆ ಮೊಟ್ಟೆಗಳನ್ನು ಒಂದು ಪುಟ್ಟ ಚೀಲದಲ್ಲಿಟ್ಟು ಹಿಂಬದಿಗೆ ಅಂಟಿಸಿಕೊಂಡೇ ಓಡಾಡುತ್ತದೆ. ಒಂದು ಚೀಲದಲ್ಲಿ 30ರಿಂದ 40 ಮೊಟ್ಟೆ. ಮೂರು ನಾಲ್ಕು ವಾರಕ್ಕೆ ಮರಿ ಹೊರಬರುತ್ತದೆ. ಮರಿ ದೊಡ್ಡದಾಗಲು ಸುಮಾರು ಎರಡು ತಿಂಗಳು. ಚೀಲ ಹೊತ್ತಿರುವ ಹೆಣ್ಣು ಸಂದಿಯಿಂದ ಹೆಚ್ಚು ಹೊರಬರುವುದಿಲ್ಲ, ಜಾಸ್ತಿ ತಿನ್ನುವುದೂ ಇಲ್ಲ. ಹಾಗಾಗಿ ನೀವು ಏನೇ ಹಾಕಿದರೂ ಮೊದಲ ಸುತ್ತಿನಲ್ಲಿ ಅದು ತಪ್ಪಿಸಿಕೊಳ್ಳಬಹುದು. "ಎಲ್ಲ ಹೋಯ್ತು" ಎಂದು ಕೈ ತೊಳೆದುಕೊಂಡ ಒಂದು ತಿಂಗಳಿಗೆ ಮತ್ತೆ ಪುಟ್ಟ ಮರಿಗಳು ಕಾಣುವುದು ಇದಕ್ಕೇ.

ಸ್ಪ್ರೇ ಏಕೆ ಬೇಡ

ಒಂದನೆಯ ಕಾರಣ ಬೆಂಕಿ. ಬಹಳಷ್ಟು ಸ್ಪ್ರೇ ಡಬ್ಬಿಗಳಲ್ಲಿ ಔಷಧವನ್ನು ಹೊರದೂಡುವುದು ಹೊತ್ತಿಕೊಳ್ಳುವ ಅನಿಲ. ಉರಿಯುವ ಬರ್ನರ್ ಪಕ್ಕ, ಅಥವಾ ಸ್ವಿಚ್ ಹಾಕಿದಾಗ ಕಿಡಿ ಬರುವ ಯಂತ್ರದೊಳಗೆ ಅದನ್ನು ತುಂಬುವುದು ಅಪಾಯ. ಎರಡನೆಯದು, ಆಹಾರ ಬಿಸಿ ಮಾಡುವ, ರುಬ್ಬುವ ಜಾಗದಲ್ಲಿ ವಿಷದ ಪದರ ಉಳಿಯುತ್ತದೆ. ಸರ್ಕ್ಯೂಟ್ ಬೋರ್ಡ್ ಮೇಲೆ ಬಿದ್ದ ದ್ರವ ಬೋರ್ಡನ್ನೂ ಕೆಡಿಸಬಹುದು. ಮೂರನೆಯದು ನಾನು ಅನುಭವಿಸಿದ್ದು: ಸ್ಪ್ರೇ ವಾಸನೆಗೆ ಬದುಕುಳಿದವು ಚದುರಿ ಬೇರೆ ಯಂತ್ರ ಹುಡುಕಿಕೊಂಡು ಹೋಗುತ್ತವೆ.

"ಖಾಲಿ ಮೈಕ್ರೋವೇವ್ ಐದು ನಿಮಿಷ ಓಡಿಸಿದರೆ ಸತ್ತುಹೋಗುತ್ತವೆ" ಎಂದು ನನಗೆ ಇಬ್ಬರು ಹೇಳಿದರು. ದಯವಿಟ್ಟು ಮಾಡಬೇಡಿ. ಅಲೆಗಳು ತಟ್ಟೆ ತಿರುಗುವ ಲೋಹದ ಗೂಡಿನೊಳಗೆ ಮಾತ್ರ ಇರುತ್ತವೆ. ಜಿರಳೆ ಇರುವುದು ಆ ಗೂಡಿಗೂ ಹೊರಗಿನ ಕವಚಕ್ಕೂ ನಡುವಿನ ಸಂದಿಯಲ್ಲಿ. ಅವಕ್ಕೆ ಏನೂ ಆಗುವುದಿಲ್ಲ. ಖಾಲಿ ಓಡಿಸಿದ್ದಕ್ಕೆ ಯಂತ್ರ ಹಾಳಾಗಬಹುದು, ಅಷ್ಟೇ.

ಗೂಡು ಎಲ್ಲಿದೆ ಎಂದು ಪತ್ತೆ ಮಾಡಿ

ಔಷಧ ಹಾಕುವ ಮುಂಚೆ ಒಂದು ರಾತ್ರಿ ಎಣಿಕೆಗೆ ಕೊಡಿ. ಅಂಗಡಿಯಲ್ಲಿ ಜಿರಳೆಗೆಂದೇ ಅಂಟು ಕಾರ್ಡ್ ಸಿಗುತ್ತದೆ. ನಾಲ್ಕು ಕಾರ್ಡ್ ಸಾಕು. ಮೈಕ್ರೋವೇವ್ ಹಿಂದೆ ಒಂದು, ಸ್ಟವ್ ಕೆಳಗೆ ಒಂದು (ಒಲೆ ಆರಿ ತಣ್ಣಗಾದ ಮೇಲೆ, ಬೆಳಗ್ಗೆ ಒಲೆ ಹಚ್ಚುವ ಮುಂಚೆ ತೆಗೆಯಬೇಕು), ಮಿಕ್ಸಿಗೆ ತಾಗಿಕೊಂಡು ಒಂದು, ಟಿವಿ ಹಿಂದೆ ಒಂದು. ಗೋಡೆಗೆ ಅಂಟಿಸಿಟ್ಟ ಹಾಗೆ ಇಡಿ. ಜಿರಳೆ ಬಯಲಲ್ಲಿ ನಡೆಯುವುದಿಲ್ಲ, ಅಂಚು ಹಿಡಿದು ಹೋಗುತ್ತದೆ.

ನಮ್ಮ ಮನೆಯಲ್ಲಿ ಮೊದಲ ರಾತ್ರಿ ಮೈಕ್ರೋವೇವ್ ಹಿಂದೆ 23, ಸ್ಟವ್ ಕೆಳಗೆ 9, ಮಿಕ್ಸಿ ಪಕ್ಕ 6, ಟಿವಿ ಹಿಂದೆ 1 ಸಿಕ್ಕವು. ಸಂಖ್ಯೆಗಿಂತ ಗಾತ್ರ ಮುಖ್ಯ. ಮರಿಗಳು ಹುಟ್ಟಿದ ಜಾಗ ಬಿಟ್ಟು ದೂರ ಹೋಗುವುದಿಲ್ಲ. ಮೈಕ್ರೋವೇವ್ ಕಾರ್ಡ್‌ನಲ್ಲಿ ಎಳ್ಳಿನಷ್ಟು ಮರಿಗಳೇ ಜಾಸ್ತಿ ಇದ್ದವು, ಹಾಗಾಗಿ ಗೂಡು ಅಲ್ಲೇ. ಟಿವಿ ಹಿಂದೆ ಸಿಕ್ಕಿದ್ದು ಬೆಳೆದದ್ದು, ಒಂದೇ. ಅದು ದಾರಿಹೋಕ.

ಕಾಳುಮೆಣಸಿನ ಪುಡಿ ಚೆಲ್ಲಿದಂತೆ ಕಪ್ಪು ಚುಕ್ಕೆಗಳು ಕಂಡರೆ ಅದು ಜಿರಳೆ ಹಿಕ್ಕೆ. ಟಾರ್ಚ್ ಹಿಡಿದು ಗಾಳಿಕಿಂಡಿ, ರಬ್ಬರ್ ಕಾಲು, ಬಾಗಿಲಿನ ಕೀಲು ನೋಡಿ. ಹಿಕ್ಕೆಯ ವಾಸನೆಯೇ ಬೇರೆ ಜಿರಳೆಗಳನ್ನು ಕರೆಯುತ್ತದೆ, ಆದ್ದರಿಂದ ಅದನ್ನು ಒರೆಸುವುದು ಬರೀ ಅಂದಕ್ಕಲ್ಲ. ಒಣ ಹಿಕ್ಕೆಯ ಧೂಳು ಉಬ್ಬಸ ಇರುವವರಿಗೆ ಆಗುವುದಿಲ್ಲ. ಮಾಸ್ಕ್ ಹಾಕಿಕೊಂಡು, ಒದ್ದೆ ಬಟ್ಟೆಯಲ್ಲಿ ಒರೆಸಿ.

ಜೆಲ್ ಹಾಕುವುದು

ಕೆಲಸ ಮಾಡುವುದು ಸಿರಿಂಜ್‌ನಲ್ಲಿ ಬರುವ ಜಿರಳೆ ಜೆಲ್. ಇದು ವಿಷ ಬೆರೆಸಿದ ತಿಂಡಿ. ತಿಂದ ಜಿರಳೆ ತಕ್ಷಣ ಸಾಯುವುದಿಲ್ಲ, ಗೂಡಿಗೆ ಹೋಗಿ ಸಾಯುತ್ತದೆ. ಅದರ ಹಿಕ್ಕೆಯನ್ನು, ಹೆಣವನ್ನು ಮರಿಗಳು ತಿನ್ನುತ್ತವೆ, ಅವೂ ಸಾಯುತ್ತವೆ. ನಮ್ಮ ಕೈ ತಲುಪದ ಯಂತ್ರದ ಹೊಟ್ಟೆಗೆ ವಿಷ ಹೊತ್ತುಕೊಂಡು ಹೋಗುವುದು ಜಿರಳೆಯೇ. ಯಂತ್ರ ಬಿಚ್ಚುವ ಅಗತ್ಯ ಇಲ್ಲದಿರುವುದು ಹೀಗಾಗಿ.

ಜೆಲ್ಲನ್ನು ಯಂತ್ರದೊಳಗೆ ಹಾಕಬಾರದು, ಅದರ ಮೈಮೇಲೂ ಹಚ್ಚಬಾರದು. ದಪ್ಪ ಕಾಗದವನ್ನು ಬೆಂಕಿಪೆಟ್ಟಿಗೆಯ ಅಗಲಕ್ಕೆ ಕತ್ತರಿಸಿ, ಅದರ ಮೇಲೆ ಅಕ್ಕಿಕಾಳಿನಷ್ಟು ಎರಡು ಮೂರು ಚುಕ್ಕೆ ಇಡಿ. ಆ ತುಂಡನ್ನು ಗಾಳಿಕಿಂಡಿಯಿಂದ ಒಂದು ಗೇಣಿನೊಳಗೆ, ಗೋಡೆ ಅಂಚಿಗೆ ಇಡಿ. ದೂರ ಇಟ್ಟರೆ ಮರಿಗಳು ತಲುಪುವುದಿಲ್ಲ. ಒಂದೇ ಕಡೆ ದೊಡ್ಡ ಮುದ್ದೆ ಇಡುವುದಕ್ಕಿಂತ ಹತ್ತು ಕಡೆ ಸಣ್ಣ ಚುಕ್ಕೆ ಒಳ್ಳೆಯದು. ಬಿಸಿಯಾಗುವ ಜಾಗ ಬೇಡ, ಜೆಲ್ ಒಣಗಿ ಗಟ್ಟಿಯಾಗುತ್ತದೆ. ಚಿಕ್ಕ ಮಕ್ಕಳು, ನಾಯಿ, ಬೆಕ್ಕು ಇದ್ದರೆ ಅವರ ಕೈಗೆ, ಬಾಯಿಗೆ ಸಿಗದ ಸಂದಿಯಲ್ಲೇ ಇಡಬೇಕು. ಪೊಟ್ಟಣದ ಮೇಲಿನ ಸೂಚನೆ ಓದಿ, ಹಾಕಿದ ಮೇಲೆ ಕೈ ತೊಳೆಯಿರಿ.

ಜೆಲ್ ಇಟ್ಟ ಜಾಗದ ಸುತ್ತ ಫಿನಾಯಿಲ್ ಆಗಲಿ ಸ್ಪ್ರೇ ಆಗಲಿ ಬಳಸಬೇಡಿ. ಆ ವಾಸನೆಗೆ ಜಿರಳೆ ಜೆಲ್ ಮುಟ್ಟುವುದಿಲ್ಲ. ನಾಲ್ಕೈದು ದಿನ ಕಳೆದರೂ ಚುಕ್ಕೆ ಇಟ್ಟ ಹಾಗೇ ಇದ್ದರೆ ಎರಡು ಸಾಧ್ಯತೆ. ಒಂದು, ಜಾಗ ತಪ್ಪಾಗಿದೆ. ಇನ್ನೊಂದು, ಆ ಜೆಲ್ ಅವಕ್ಕೆ ಸೇರುತ್ತಿಲ್ಲ. ಜೆಲ್‌ನಲ್ಲಿ ಹಾಕುವ ಗ್ಲೂಕೋಸ್ ಸಕ್ಕರೆ ಕಹಿ ಎನಿಸಿ ದೂರ ಸರಿಯುವ ಜಿರಳೆ ತಳಿಗಳು ಇವೆ. ವಿಜ್ಞಾನಿಗಳು ಇದನ್ನು 1993ರಲ್ಲೇ ವರದಿ ಮಾಡಿದ್ದಾರೆ. ಮೊದಲು ಜಾಗ ಬದಲಿಸಿ ನೋಡಿ. ಆಗಲೂ ತಿನ್ನದಿದ್ದರೆ ಬೇರೆ ಔಷಧ ಇರುವ ಜೆಲ್ ತನ್ನಿ. ಡಬ್ಬಿಯ ಹೆಸರು ಬೇರೆಯಾದರೆ ಸಾಲದು, ಒಳಗಿನ ಔಷಧದ ಹೆಸರು ಬೇರೆ ಇರಬೇಕು. ಒಂದರಲ್ಲಿ ಫಿಪ್ರೋನಿಲ್ ಇದ್ದರೆ ಇನ್ನೊಂದು ಇಮಿಡಾಕ್ಲೋಪ್ರಿಡ್ ಅಥವಾ ಇಂಡಾಕ್ಸಾಕಾರ್ಬ್ ಇರುವುದನ್ನು ನೋಡಿ.

ಮೈಕ್ರೋವೇವ್

ಇದರ ಕವಚ ಮಾತ್ರ ಬಿಚ್ಚಬೇಡಿ. ಒಳಗಿರುವ ಕೆಪಾಸಿಟರ್‌ನಲ್ಲಿ ಎರಡು ಸಾವಿರ ವೋಲ್ಟ್ ಆಸುಪಾಸಿನ ವಿದ್ಯುತ್ ಸೇರಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಅದನ್ನು ಮುಟ್ಟಿ ಸತ್ತವರಿದ್ದಾರೆ. ನಾಲ್ಕು ಸ್ಕ್ರೂ ತಾನೇ, ಒಂದು ಕ್ಷಣ ನೋಡೋಣ ಎಂದು ನನಗೂ ಅನಿಸಿತ್ತು. ರಿಪೇರಿಯವರಿಗೆ ಫೋನ್ ಮಾಡಿದಾಗ ಅವರು ಹೇಳಿದ್ದು ಇಷ್ಟೇ: "ಸಾರ್, ಟಿವಿನಾದ್ರೂ ಬಿಚ್ಚಿ ಅಂತೀನೇನೋ, ಇದನ್ನ ಮಾತ್ರ ಬಿಚ್ಬೇಡಿ." ಟಿವಿಯನ್ನೂ ಬಿಚ್ಚಬಾರದು ಅನ್ನೋದು ಬೇರೆ ಮಾತು.

ನಾನು ಮಾಡಿದ್ದು ಯಂತ್ರವನ್ನು ಒಂಟಿ ಮಾಡುವ ಕೆಲಸ. ಪ್ಲಗ್ ಕಿತ್ತೆ. ಬಾಗಿಲಿನ ಅಂಚು, ಒಳಗಿನ ಗೂಡು, ತಟ್ಟೆ, ಉಂಗುರ ಎಲ್ಲ ಸೋಪುನೀರಿನ ಬಟ್ಟೆಯಲ್ಲಿ ಒರೆಸಿ ಒಣಗಿಸಿದೆ. ಗಾಳಿಕಿಂಡಿಗಳ ಮೇಲೆ ಹೊರಗಿನಿಂದಲೇ ವ್ಯಾಕ್ಯೂಮ್ ಬ್ರಷ್ ಓಡಿಸಿದೆ. ಊದುವ ಯಂತ್ರ ಬಳಸಬೇಡಿ, ಹಿಕ್ಕೆಯೂ ಹೆಣವೂ ಬೋರ್ಡ್ ಕಡೆಗೆ ಹೋಗಿ ಕೂರುತ್ತವೆ. ಆಮೇಲೆ ಮೈಕ್ರೋವೇವನ್ನು ಗೋಡೆಗೆ ತಾಗದ ಒಂದು ಗಟ್ಟಿ ಮೇಜಿನ ಮೇಲಿಟ್ಟೆ. ಮೇಜಿನ ನಾಲ್ಕು ಕಾಲಿಗೂ ಸೋಪುನೀರಿನ ಬಟ್ಟಲು. ಯಂತ್ರದ ಸುತ್ತ ನಾಲ್ಕು ಜೆಲ್ ತುಂಡು, ಎರಡು ಅಂಟು ಕಾರ್ಡ್. ಎರಡು ವಾರ ಪ್ಲಗ್ ಹಾಕಲಿಲ್ಲ.

ಇದರಿಂದ ಏನಾಗುತ್ತದೆ ಅಂದರೆ, ಒಳಗಿನ ಬಿಸಿ ಹೋಗುತ್ತದೆ. ನೀರಿಲ್ಲ. ನೀರು ಇಲ್ಲದೆ ಈ ಜಿರಳೆ ಸುಮಾರು ಎರಡು ವಾರಕ್ಕಿಂತ ಹೆಚ್ಚು ಬದುಕುವುದು ಕಷ್ಟ. ಹೊರಗೆ ಬಂದರೆ ಸಿಗುವ ತಿಂಡಿ ಜೆಲ್ ಒಂದೇ. ಕೆಳಗಿಳಿದು ಬೇರೆ ಯಂತ್ರಕ್ಕೆ ಹೋಗಲು ದಾರಿಯೂ ಇಲ್ಲ. ಗೂಡಿರುವ ಯಂತ್ರವನ್ನು ಇದ್ದ ಜಾಗದಲ್ಲೇ ಬಿಟ್ಟು ಜೆಲ್ ಹಾಕಿದರೂ ಫಲ ಸಿಗುತ್ತದೆ, ಆದರೆ ತಡ.

ಮತ್ತೆ ಬಳಸಲು ಶುರು ಮಾಡಿದಾಗ ಬಟನ್ ಒತ್ತಿದರೂ ಕೇಳದಿದ್ದರೆ, ಸುಟ್ಟ ವಾಸನೆ ಬಂದರೆ, ಒಳಗೆ ಕಿಡಿ ಕಂಡರೆ ತಕ್ಷಣ ಆಫ್ ಮಾಡಿ. ಬೋರ್ಡ್ ಮೇಲೆ ಸತ್ತದ್ದು ಅಂಟಿರಬಹುದು, ಅಥವಾ ಒಳಗೋಡೆಯಲ್ಲಿರುವ ಅಭ್ರಕದ ಹಾಳೆಯ ಹಿಂದೆ ಜಿಡ್ಡು ಸೇರಿರಬಹುದು. ರಿಪೇರಿಯವರಿಗೆ ಕೊಡುವಾಗ ಒಳಗೆ ಜಿರಳೆ ಇದೆ ಎಂದು ಮೊದಲೇ ಹೇಳಿ, ಚೀಲದಲ್ಲಿ ಕಟ್ಟಿ ಕೊಡಿ. ಮುಚ್ಚಿಟ್ಟರೆ ಅವರ ಅಂಗಡಿ ತುಂಬ ಹರಡುತ್ತದೆ.

ಗ್ಯಾಸ್ ಸ್ಟವ್

ನಾಲ್ಕರಲ್ಲಿ ನೀವೇ ಕೈ ಹಾಕಿ ತೊಳೆಯಬಹುದಾದದ್ದು ಇದೊಂದೇ. ರೆಗ್ಯುಲೇಟರ್ ಅಥವಾ ಪೈಪಿನ ವಾಲ್ವ್ ಮುಚ್ಚಿ, ಸ್ಟವ್ ಪೂರ್ತಿ ಆರಲಿ. ತಾನಾಗಿ ಹೊತ್ತುವ ಸ್ಟವ್ ಆದರೆ ಪ್ಲಗ್ ಅಥವಾ ಬ್ಯಾಟರಿ ತೆಗೆಯಿರಿ. ಪಾತ್ರೆ ಇಡುವ ಸ್ಟ್ಯಾಂಡ್, ಬರ್ನರ್, ತಟ್ಟೆ, ನಾಬ್ ಎಲ್ಲ ಕಿತ್ತು ಸೋಪು ಹಾಕಿದ ಕುದಿನೀರಲ್ಲಿ ಅರ್ಧ ಗಂಟೆ ನೆನೆಸಿ. ಸಂದಿಯಲ್ಲಿದ್ದ ಜಿರಳೆ, ಮೊಟ್ಟೆ ಚೀಲ ಎರಡಕ್ಕೂ ಆ ಬಿಸಿ ಸಾಕು. ಸ್ಟವ್‌ನ ಮೈಗೆ ನೀರು ಸುರಿಯಬೇಡಿ, ಒದ್ದೆ ಬಟ್ಟೆ ಮತ್ತು ಹಳೆ ಹಲ್ಲುಜ್ಜುವ ಬ್ರಷ್ ಸಾಕು. ನಾಬ್ ಕಿತ್ತ ತೂತಿನ ಸುತ್ತ, ಅಡಿಭಾಗದ ಮಡಿಕೆಗಳಲ್ಲಿ, ರಬ್ಬರ್ ಕಾಲಿನ ಟೊಳ್ಳಿನಲ್ಲಿ ಹುಡುಕಿ. ಗಾಜಿನ ಮೇಲ್ಮೈ ಇದ್ದರೆ ಗಾಜಿಗೂ ಚೌಕಟ್ಟಿಗೂ ನಡುವಿನ ಸಂದಿ ಅವಕ್ಕೆ ಬಲು ಇಷ್ಟ. ಗಾಜು ಎಬ್ಬಿಸಲು ಹೋಗಬೇಡಿ. ಆ ಸಂದಿಯ ಹೊರ ಅಂಚು ಒರೆಸಿ, ರಾತ್ರಿ ಸ್ಟವ್ ಪಕ್ಕದ ಗೋಡೆ ಮೂಲೆಯಲ್ಲಿ ಜೆಲ್ ತುಂಡು ಇಡಿ.

ಬರ್ನರ್‌ನ ತೂತುಗಳನ್ನು ಪಿನ್ನಿನಿಂದ ಬಿಡಿಸಬಹುದು. ಆದರೆ ಗ್ಯಾಸ್ ಹೊರಬರುವ ಹಿತ್ತಾಳೆಯ ಜೆಟ್‌ಗೆ ಪಿನ್ ಚುಚ್ಚಬೇಡಿ. ಆ ತೂತು ಕೂದಲೆಳೆಯಷ್ಟು ದೊಡ್ಡದಾದರೂ ಗ್ಯಾಸ್ ಜಾಸ್ತಿ ಬಂದು ಉರಿ ಕೆಡುತ್ತದೆ. ಬರ್ನರ್‌ಗೆ ಗಾಳಿ ಸೇರುವ ಕೊಳವೆಯ ಬಾಯಲ್ಲಿ ಸತ್ತ ಹುಳು ಸಿಕ್ಕಿಕೊಂಡರೆ ಉರಿ ಹಳದಿಯಾಗಿ ಪಾತ್ರೆ ತಳ ಕಪ್ಪಾಗುತ್ತದೆ. ತೊಳೆದು, ಪೂರ್ತಿ ಒಣಗಿಸಿ ಜೋಡಿಸಿದ ಮೇಲೂ ಉರಿ ನೀಲಿ ಬರದಿದ್ದರೆ ಸ್ಟವ್ ರಿಪೇರಿಯವರನ್ನು ಕರೆಯಿರಿ. ಹಚ್ಚುವ ಮುಂಚೆ ಪೈಪ್ ಸೇರುವ ಜಾಗಕ್ಕೆ ಸೋಪುನೀರು ಹಚ್ಚಿ ಗುಳ್ಳೆ ಬರುತ್ತದೋ ನೋಡಿ. ಸೋರಿಕೆ ನೋಡಲು ಬೆಂಕಿಕಡ್ಡಿ ಗೀರಬಾರದು.

ಮಿಕ್ಸಿ

ಜಾರ್‌ಗಳದ್ದು ಸುಲಭ: ಮುಚ್ಚಳದ ರಬ್ಬರ್ ಕಿತ್ತು ತೋಡು ತೊಳೆಯಿರಿ. ಕಷ್ಟ ಇರುವುದು ಮೋಟಾರ್ ಇರುವ ಕೆಳಭಾಗದ್ದು. ಪ್ಲಗ್ ಕಿತ್ತು, ಅಗಲವಾದ ಸೋಪುನೀರಿನ ಟಬ್ಬಿನ ಮೇಲೆ ಅದನ್ನು ವಾಲಿಸಿ ಪಕ್ಕಕ್ಕೆ ತಟ್ಟಿ. ಕೆಲವು ಉದುರುತ್ತವೆ. ಮಿಕ್ಸಿ ನೀರಿಗೆ ತಾಗಬಾರದು. ಉಳಿದವಕ್ಕೆ ನಾನು ಫ್ರೀಜರ್ ಬಳಸಿದೆ. ಒಣ ಮಿಕ್ಸಿಯನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು ಬಿಗಿಯಾಗಿ ಕಟ್ಟಿ, ಮೈನಸ್ 18 ಡಿಗ್ರಿಯಲ್ಲಿ ನಾಲ್ಕು ದಿನ ಇಟ್ಟೆ. ಹೊರತೆಗೆದ ಮೇಲೆ ಚೀಲ ಬಿಚ್ಚದೆ ಒಂದು ಪೂರ್ತಿ ದಿನ ಹೊರಗಿಟ್ಟೆ. ತಣ್ಣಗಿನ ಯಂತ್ರದ ಚೀಲ ಬೇಗ ಬಿಚ್ಚಿದರೆ ಗಾಳಿಯ ತೇವ ಮೋಟಾರ್ ಮೇಲೆ ನೀರಾಗಿ ಕೂರುತ್ತದೆ. ಕಟ್ಟಿದ್ದರೆ ನೀರು ಚೀಲದ ಹೊರಗೆ ಕೂರುತ್ತದೆ. ಫ್ರೀಜರ್‌ನಲ್ಲಿ ಜಾಗ ಇಲ್ಲದವರು ಅದೇ ಚೀಲದಲ್ಲಿ ಒಂದು ಜೆಲ್ ತುಂಡು ಇಟ್ಟು ಮೂರು ನಾಲ್ಕು ವಾರ ಕಟ್ಟಿಡಬಹುದು. ಡಿಜಿಟಲ್ ಪರದೆ ಇರುವ ಮಾದರಿಯನ್ನು ಫ್ರೀಜರ್‌ಗೆ ಹಾಕಬೇಡಿ.

ಟಿವಿ

ಟಿವಿಗೆ ಜೆಲ್ ಮತ್ತು ತಾಳ್ಮೆ ಬಿಟ್ಟರೆ ಬೇರೆ ಇಲ್ಲ. ಹಳೆಯ ಡಬ್ಬ ಟಿವಿಯ ಪಿಕ್ಚರ್ ಟ್ಯೂಬ್ ಆಫ್ ಮಾಡಿದ ಮೇಲೂ ಸಾವಿರಾರು ವೋಲ್ಟ್ ಹಿಡಿದಿಟ್ಟುಕೊಂಡಿರಬಹುದು. ಚಪ್ಪಟೆ ಟಿವಿಯ ಪವರ್ ಬೋರ್ಡ್ ಕೂಡ ಶಾಕ್ ಕೊಡುತ್ತದೆ. ಪ್ಲಗ್ ಕಿತ್ತು ಹಿಂಬದಿಯ ಕಿಂಡಿಗಳನ್ನು ಮೆತ್ತನೆ ಬ್ರಷ್‌ನಿಂದ ವ್ಯಾಕ್ಯೂಮ್ ಮಾಡಿ, ಹಿಂದೆ ಗೋಡೆ ಬದಿಗೆ ಜೆಲ್ ತುಂಡು ಇಡಿ. ರಾತ್ರಿ ಮೇನ್ ಸ್ವಿಚ್ಚೇ ಆಫ್ ಮಾಡಿದರೆ ಸ್ಟ್ಯಾಂಡ್‌ಬೈ ಬಿಸಿ ಸಿಗುವುದಿಲ್ಲ. ಸೆಟ್-ಟಾಪ್ ಬಾಕ್ಸ್ ಮತ್ತು ರೂಟರ್ ಟಿವಿಗಿಂತ ಜಾಸ್ತಿ ಹೊತ್ತು ಬೆಚ್ಚಗಿರುತ್ತವೆ, ಅವನ್ನು ಮರೆಯಬೇಡಿ. ಪರದೆಯ ಪದರದೊಳಗೆ ಒಂದು ನಡೆದಾಡುತ್ತಿದ್ದರೆ ಬೆರಳಿನಿಂದ ಒತ್ತಬೇಡಿ. ಅಲ್ಲೇ ಸತ್ತರೆ ಆ ಕಲೆ ಟಿವಿ ಇರುವವರೆಗೂ ಇರುತ್ತದೆ. ಪರದೆ ಆಫ್ ಮಾಡಿ, ಕೋಣೆ ಕತ್ತಲು ಮಾಡಿ, ಜಿರಳೆ ಯಾವ ಅಂಚಿಗೆ ಹತ್ತಿರ ಇದೆಯೋ ಅದರ ಎದುರು ಬದಿಯಲ್ಲಿ ಒಂದು ಸಣ್ಣ ದೀಪ ಇಡಿ. ಬೆಳಕಿನಿಂದ ದೂರ ಸರಿದು ಹೊರಬರುವ ಸಾಧ್ಯತೆ ಇದೆ.

ಮುಗಿಯಿತು ಎಂದು ಯಾವಾಗ ಹೇಳುವುದು

ವಾರಕ್ಕೊಮ್ಮೆ ಒಂದು ರಾತ್ರಿ ಹೊಸ ಅಂಟು ಕಾರ್ಡ್ ಇಟ್ಟು ಎಣಿಸಿ, ಗೋಡೆ ಕ್ಯಾಲೆಂಡರ್ ಮೇಲೆ ಬರೆಯಿರಿ. ಮೈಕ್ರೋವೇವ್ ಪಕ್ಕದ ನನ್ನ ಲೆಕ್ಕ ಹೀಗಿತ್ತು: ಮೊದಲು 23, ಒಂದು ವಾರಕ್ಕೆ 11, ಎರಡು ವಾರಕ್ಕೆ 4. ಯಂತ್ರವನ್ನು ಕಟ್ಟೆಗೆ ತಂದಿಟ್ಟು ಮತ್ತೆ ಬಳಸತೊಡಗಿದೆ. ನಾಲ್ಕನೇ ವಾರ ಕಾರ್ಡ್ ಎತ್ತಿದರೆ 14! ಎದೆ ಧಸಕ್ಕೆಂದಿತು. ಕನ್ನಡಕ ಹಾಕಿ ನೋಡಿದರೆ ಎಲ್ಲವೂ ಎಳ್ಳಿನಷ್ಟು ಮರಿಗಳು, ಬೆಳೆದದ್ದು ಒಂದೂ ಇಲ್ಲ. ಜೆಲ್ ಸೋತಿದ್ದಲ್ಲ, ಮೊದಲೇ ಇದ್ದ ಮೊಟ್ಟೆ ಚೀಲ ಒಡೆದದ್ದು. ಹಳೆ ಜೆಲ್ ಒಣಗಿ ಕಲ್ಲಾಗಿತ್ತು, ಅದನ್ನು ತೆಗೆದು ತಾಜಾ ಚುಕ್ಕೆ ಇಟ್ಟೆ. ಆರನೇ ವಾರ 3, ಎಂಟನೇ ವಾರ ಸೊನ್ನೆ, ಹತ್ತನೇ ವಾರವೂ ಸೊನ್ನೆ. ಅಲ್ಲಿಗೆ ನಿಲ್ಲಿಸಿದೆ.

ನಾಲ್ಕನೇ ವಾರ ಸಿಗುವವುಗಳಲ್ಲಿ ಬೆಳೆದವೂ ಇದ್ದರೆ ಅರ್ಥ ಬೇರೆ. ಎಲ್ಲೋ ಇನ್ನೊಂದು ಗೂಡು ತಪ್ಪಿಹೋಗಿದೆ. ಫ್ರಿಜ್‌ನ ಹಿಂದಿನ ಕಂಪ್ರೆಸರ್, ಸಿಂಕ್ ಕೆಳಗಿನ ಕಪಾಟಿನ ಕೀಲು, ನೀರು ಶುದ್ಧ ಮಾಡುವ ಯಂತ್ರದ ಹಿಂಬದಿ, ಈ ಮೂರನ್ನು ಮೊದಲು ನೋಡಿ. ಪಕ್ಕದ ಮನೆಗೆ ಗೋಡೆ ಹಂಚಿಕೊಂಡಿದ್ದರೆ ಪೈಪ್ ಹಾದುಹೋಗುವ ತೂತು ಮುಚ್ಚಿ, ಇಲ್ಲವಾದರೆ ನೀವು ಖಾಲಿ ಮಾಡಿದ್ದನ್ನು ಅಲ್ಲಿಂದ ಬಂದವು ತುಂಬುತ್ತವೆ.

ಇನ್ನು ಹಳೆಯ ಯಂತ್ರ ಕೊಳ್ಳುವವರಿಗೆ ಒಂದು ಮಾತು. ಸೆಕೆಂಡ್ ಹ್ಯಾಂಡ್ ಮೈಕ್ರೋವೇವ್, ಟಿವಿ ಏನೇ ತಂದರೂ ಮನೆಯೊಳಗೆ ಇಡುವ ಮುಂಚೆ ದೊಡ್ಡ ಚೀಲದಲ್ಲಿ ಒಂದು ಅಂಟು ಕಾರ್ಡ್ ಜೊತೆ ಕಟ್ಟಿ ವಾರ ಬಿಡಿ. ಕಾರ್ಡ್‌ನಲ್ಲಿ ಒಂದೇ ಒಂದು ಮರಿ ಸಿಕ್ಕರೂ ಚೀಲ ಬಿಚ್ಚದೆ ವಾಪಸ್ ಕೊಡಿ. ನಮ್ಮ ಮನೆಗೆ ಇವು ಬಂದದ್ದು ಅಂಥ ಒಂದು ಮೈಕ್ರೋವೇವ್‌ನಲ್ಲೇ.